ವರ್ಕ್‌ಶಾಪ್ ಕ್ಯಾಪ್ಶನ್‌ನಲ್ಲಿ ಮೊದಲು ಬರೆಯಬೇಕಾದ್ದು: ಮಗ್ ಯಾವತ್ತು ಕೈಗೆ ಸಿಗುತ್ತೆ

ಬನಶಂಕರಿ ಕಡೆಯ ಒಂದು ಚಿಕ್ಕ ಪಾಟರಿ ಸ್ಟುಡಿಯೋದಲ್ಲಿ ನನ್ನ ಕೆಲಸ. ಬುಕಿಂಗ್, ಫೋನು, ಇನ್‌ಸ್ಟಾಗ್ರಾಂ ಎಲ್ಲ ನಾನೇ ನೋಡ್ಕೊಳ್ತೀನಿ. ವೀಕೆಂಡ್ ವರ್ಕ್‌ಶಾಪ್ ಪೋಸ್ಟ್ ಹಾಕಿದ ದಿನ ಬರೋ ಮೆಸೇಜುಗಳಲ್ಲಿ ಎರಡು ಪ್ರಶ್ನೆ ತಪ್ಪಲ್ಲ. ಫೀಸ್ ಎಷ್ಟು, ಭಾನುವಾರ ಸಂಜೆ ಮಗ್ ಮನೆಗೆ ತಗೊಂಡು ಹೋಗಬಹುದಾ.

ಫೀಸ್ ವಿಷಯ ಸುಲಭ. ಬರೆದುಬಿಡಿ. "ಬೆಲೆಗೆ ಡಿಎಂ ಮಾಡಿ" ಅಂತ ಹಾಕಿದರೆ ಅರ್ಧ ಜನ ಕೇಳೋದೇ ಇಲ್ಲ, ಕೇಳಿದವರಿಗೆ ಒಬ್ಬೊಬ್ಬರಿಗೂ ಟೈಪ್ ಮಾಡ್ತಾ ಕೂರಬೇಕು. ಆದರೆ ಬರೀ ₹3,200 ಅಂತ ಹಾಕಿದರೂ ಸಾಲದು. ಎರಡು ದಿನ ಮಣ್ಣಲ್ಲಿ ಆಡೋಕೆ ಇಷ್ಟೊಂದಾ ಅನ್ನಿಸುತ್ತೆ, ಅದು ಸಹಜ ಕೂಡ. "ಎಲ್ಲ ಸಾಮಗ್ರಿ ನಮ್ಮದೇ" ಅನ್ನೋ ಸಾಲೂ ಜನರಿಗೆ ಏನೂ ಹೇಳಲ್ಲ. ಮಣ್ಣು, ಏಪ್ರನ್, ಉಪಕರಣ ಅಂತಷ್ಟೇ ಅಂದುಕೊಳ್ತಾರೆ. ದುಡ್ಡು ಹೋಗೋದು ಅದಕ್ಕಿಂತ ಜಾಸ್ತಿ ಕಿಲ್ನ್‌ಗೆ, ಅಂದರೆ ಮಣ್ಣಿನ ಪಾತ್ರೆ ಸುಡೋ ಗೂಡಿಗೆ. ಒಂದು ಮಗ್ ಎರಡು ಸಲ ಸುಡಬೇಕು: ಮೊದಲು ಬಿಸ್ಕ್, ಅಂದರೆ ಏನೂ ಹಚ್ಚದೆ ಸುಡೋದು, ಸುಮಾರು 1000 ಡಿಗ್ರಿ. ಆಮೇಲೆ ಸುಟ್ಟಾಗ ಗಾಜಿನ ಪದರ ಆಗೋ ಗ್ಲೇಜ್ ಹಚ್ಚಿ ಇನ್ನೊಂದು ಸಲ, ನಮ್ಮ ಸ್ಟೋನ್‌ವೇರ್ ಮಣ್ಣಿಗೆ 1200 ದಾಟಬೇಕು. ಹಾಗಾಗಿ "ಗ್ಲೇಜ್, ಎರಡು ಸಲದ ಸುಡುವಿಕೆ ಸೇರಿ" ಅಂತ ಬರೆದರೆ ಫೀಸ್ ಬಗ್ಗೆ ಚೌಕಾಸಿ ತಾನಾಗೇ ಕಡಿಮೆ ಆಗುತ್ತೆ.

ಎರಡನೇ ಪ್ರಶ್ನೆಯೇ ನಿಜವಾದ ತಲೆನೋವು. ಭಾನುವಾರ ಮುಗಿದಾಗ ಮಗ್ ಇನ್ನೂ ಹಸಿ. ನೋಡೋಕೆ ಒಣಗಿದ ಹಾಗೆ ಕಾಣುತ್ತೆ, ಆದರೆ ತಳದಲ್ಲಿ, ಹಿಡಿ ಅಂಟಿಸಿದ ಜಾಗದಲ್ಲಿ ನೀರು ಉಳಿದಿರುತ್ತೆ. ಹೊಸಬರ ಕೈಯಲ್ಲಿ ತಳ ಯಾವಾಗಲೂ ದಪ್ಪ ಆಗುತ್ತೆ, ಅದಕ್ಕೇ ಅದು ಕೊನೆಗೆ ಒಣಗೋದು. ಹಾಗೇ ಕಿಲ್ನ್‌ಗೆ ಇಟ್ಟರೆ ಒಳಗಿನ ನೀರು ಆವಿಯಾಗಿ ಹೊರಗೆ ಬರೋಕೆ ದಾರಿ ಸಿಗದೆ ಮಗ್ ಒಡೆದು ಚೂರಾಗುತ್ತೆ, ಪಕ್ಕದವರ ಬಟ್ಟಲಿಗೂ ಚೂರು ಬಡಿಯುತ್ತೆ. ನಮ್ಮ ಮೇಷ್ಟ್ರು ಪ್ರತಿ ಪೀಸನ್ನೂ ಕೆನ್ನೆಗೆ ಒತ್ತಿ ನೋಡ್ತಾರೆ. ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ ಅಂತ, ವಾಪಸ್ ಶೆಲ್ಫ್‌ಗೆ. ಬೇಸಿಗೆಯಲ್ಲಿ ಒಂದು ವಾರಕ್ಕೆ ಒಣಗೋದು ಮಳೆಗಾಲದ ಬೆಂಗಳೂರಲ್ಲಿ ಎರಡು ವಾರ ಎಳೆಯುತ್ತೆ. ಬಿಸಿಲಿಗೆ ಇಟ್ಟು ಅವಸರ ಮಾಡಿದರೆ ಅಂಚು ಬೇಗ ಒಣಗಿ ತಳ ಹಸಿಯೇ ಉಳಿದು ಬಿರುಕು ಬಿಡುತ್ತೆ. ಒಣಗಿದ ಮೇಲೂ ಕಿಲ್ನ್ ತುಂಬೋವರೆಗೂ ಕಾಯಬೇಕು, ಸುಟ್ಟ ಮೇಲೆ ತಣ್ಣಗಾಗೋಕೆ ಒಂದು ದಿನ ಬೇಕು. ಎಲ್ಲ ಸೇರಿ ಮೂರರಿಂದ ನಾಲ್ಕು ವಾರ.

ಇದನ್ನ ಕ್ಯಾಪ್ಶನ್ ಕೊನೆಯಲ್ಲಿ ಹಾಕಿದರೆ ಯಾರೂ ಓದಲ್ಲ. ಫೀಡ್‌ನಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣೋದು, ಮಿಕ್ಕಿದ್ದಕ್ಕೆ "more" ಒತ್ತಬೇಕು, ಅಲ್ವಾ? ಹುಟ್ಟುಹಬ್ಬದ ಗಿಫ್ಟ್‌ಗೆ ಅಂತ ಬುಕ್ ಮಾಡಿದವರಿಗೆ ಭಾನುವಾರ ಸಂಜೆ ಇದನ್ನ ಹೇಳೋದು ಎಷ್ಟು ಕಷ್ಟ ಅಂತ ಹೇಳಿದವರಿಗೇ ಗೊತ್ತು.

ಸೀಟಿನ ಮಾತೂ ಹಾಗೇ. "ಸೀಮಿತ ಸೀಟು, ತ್ವರೆಮಾಡಿ" ಅಂತ ಸೀರೆ ಸೇಲಿಗೂ ಹಾಕ್ತಾರೆ, ಯಾರೂ ನಂಬಲ್ಲ. ನಮ್ಮಲ್ಲಿ ವೀಲ್ ಇರೋದು ಆರು. ಮಣ್ಣನ್ನ ವೀಲ್ ನಡುವೆ ಅಲುಗಾಡದ ಹಾಗೆ ಕೂರಿಸೋದೇ ಮೊದಲ ದಿನದ ದೊಡ್ಡ ಕೆಲಸ, ಅದಕ್ಕೆ ಮೇಷ್ಟ್ರು ಒಬ್ಬೊಬ್ಬರ ಪಕ್ಕ ಕೂತು ಕೈ ಹಿಡಿದು ತೋರಿಸಬೇಕು. ಕಾರಣ ಬರೆದರೆ ಸಾಕು, "ಇನ್ನೊಬ್ಬರನ್ನ ಸೇರಿಸ್ಕೊಳ್ಳಿ ಮೇಡಂ" ಅನ್ನೋದು ನಿಲ್ಲುತ್ತೆ.

ಈಗ ನಾನು ಹಾಕೋ ಕ್ಯಾಪ್ಶನ್ ಇದು:

"ಶನಿ–ಭಾನು ಪಾಟರಿ ವರ್ಕ್‌ಶಾಪ್, ₹3,200. ನಿಮ್ಮ ಮಗ್ ಕೈಗೆ ಸಿಗೋದು 3–4 ವಾರದ ಮೇಲೆ.
ವೀಲ್ ಆರೇ ಇವೆ, ಹಾಗಾಗಿ ಆರೇ ಜನ. ಎರಡೂ ದಿನ ಬೆಳಿಗ್ಗೆ 10ರಿಂದ 1.
ಮಣ್ಣು, ಉಪಕರಣ, ಏಪ್ರನ್, ಗ್ಲೇಜ್, ಎರಡು ಪೀಸ್‌ನ ಎರಡು ಸಲದ ಸುಡುವಿಕೆ ಫೀಸ್‌ನಲ್ಲೇ ಸೇರಿದೆ. ಮೂರನೇ ಪೀಸ್ ಸುಡಬೇಕಂದ್ರೆ ₹250. ಗ್ಲೇಜ್ ನಾವೇ ಹಚ್ತೀವಿ, ಬಣ್ಣ ನೀವು ಆರಿಸಿ.
ಒಣಗಿ ಸುಟ್ಟ ಮೇಲೆ ಕುಗ್ಗುತ್ತೆ: 10 ಸೆಂ.ಮೀ. ಎತ್ತರದ ಮಗ್ 9ರ ಆಸುಪಾಸಿಗೆ ಬರುತ್ತೆ. ಕೆಲವೊಮ್ಮೆ ಬಿರುಕೂ ಬಿಡುತ್ತೆ.
ಉಗುರು ಕತ್ತರಿಸ್ಕೊಂಡು, ಹಳೇ ಬಟ್ಟೆ ಹಾಕ್ಕೊಂಡು ಬನ್ನಿ. ಮೆಟ್ರೊದಲ್ಲಿ ಬಂದರೆ ಒಳ್ಳೇದು, ಪಾರ್ಕಿಂಗ್ ಇಲ್ಲ."

ಬಿರುಕಿನ ಸಾಲು ಬೇಡ, ಜನ ಹೆದರ್ತಾರೆ ಅಂತ ಓನರ್ ಅಂದರು. ನಾನು ತೆಗೆದಿಲ್ಲ. ಅದನ್ನ ಓದಿ ಬಂದವರು ಬಿರುಕು ಬಿಟ್ಟ ಬಟ್ಟಲನ್ನ ಪೆನ್ ಸ್ಟ್ಯಾಂಡ್ ಮಾಡ್ಕೊಳ್ತಾರೆ, ಓದದೆ ಬಂದವರು ದುಡ್ಡು ವಾಪಸ್ ಕೇಳ್ತಾರೆ. ಇನ್ನೊಂದು, ಸೀಟು ತುಂಬಿದ ತಕ್ಷಣ ಎಡಿಟ್ ಮಾಡಿ ಮೊದಲ ಸಾಲಲ್ಲೇ "ಸೀಟು ಭರ್ತಿ" ಅಂತ ಹಾಕಿ, ಮುಂದಿನ ಬ್ಯಾಚ್ ತಾರೀಖೂ ಅಲ್ಲೇ ಬರೀರಿ. ಇಲ್ಲದಿದ್ರೆ ಶನಿವಾರ ಬೆಳಿಗ್ಗೆವರೆಗೂ ಫೋನ್ ನಿಲ್ಲಲ್ಲ.