ಹಾಬಿ ಕಾಲಂ ಮೇಲೆ ಮೂರನೇ ಪ್ರಶ್ನೆ ಬಂದಾಗ

ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಫೌಂಡ್ರಿಯಲ್ಲಿ ನಾನು ಎಚ್‌ಆರ್. ಕಾಲೇಜು ಮುಗಿಯುವ ಹೊತ್ತಿಗೆ ಟ್ರೈನಿ ಕೆಲಸಕ್ಕೆ ರೆಸ್ಯೂಮೆಗಳ ರಾಶಿ ಬೀಳುತ್ತದೆ. ಹೆಚ್ಚುಕಡಿಮೆ ಎಲ್ಲದರ ಕೊನೆಯಲ್ಲೂ ಒಂದೇ ಸಾಲು: ರೀಡಿಂಗ್ ಬುಕ್ಸ್, ಲಿಸನಿಂಗ್ ಟು ಮ್ಯೂಸಿಕ್, ಪ್ಲೇಯಿಂಗ್ ಕ್ರಿಕೆಟ್. ಅದರ ಕೆಳಗೆ ಅಪ್ಪನ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಮೇಲಿನದ್ದೆಲ್ಲ ನಿಜ ಅನ್ನುವ ಡಿಕ್ಲರೇಷನ್. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಫೈಲ್ ಇರುತ್ತದೆ. ಹೆಸರು, ಪರ್ಸೆಂಟೇಜ್ ಬದಲಾಯಿಸಿ ಪ್ರಿಂಟ್ ತೆಗೆದು ಕೊಡುತ್ತಾರೆ. ಹಾಬಿ ಮಾತ್ರ ಹಾಗೇ ಉಳಿಯುತ್ತದೆ.

ಹಾಗಾಗಿ ಪ್ಲೇಸ್‌ಮೆಂಟ್ ಸೆಲ್‌ನವರು ಮಾತಾಡಲು ಕರೆದಾಗಲೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು. ಹಾಬಿ ಕಾಲಂ ಹೊಡೆದು ಹಾಕಿ, ಜಾಗ ಉಳಿಯುತ್ತದೆ. ಕಳೆದ ಸಲದ ಇನ್‌ಸ್ಪೆಕ್ಷನ್ ಟ್ರೈನಿ ಇಂಟರ್‌ವ್ಯೂ ಆದ ಮೇಲೆ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಆ ಇಂಟರ್‌ವ್ಯೂಗೆ ಒಂದು ಹಿನ್ನೆಲೆ ಇತ್ತು. ಅದಕ್ಕೆ ಸ್ವಲ್ಪ ಮೊದಲು ಕಸ್ಟಮರ್ ಆಡಿಟ್ ಆಗಿತ್ತು. ಆಡಿಟರ್ ಪೀಸ್‌ಗಳ ಗಡಸುತನ ಬರೆದಿಡುವ ಹಾರ್ಡ್‌ನೆಸ್ ರಿಜಿಸ್ಟರ್ ತೆಗೆದರು. ಒಂದು ಇಡೀ ಶಿಫ್ಟಿನ ಪೀಸ್‌ಗಳಿಗೆಲ್ಲ ಒಂದೇ ಅಂಕಿ, 207 ಬಿಎಚ್‌ಎನ್. ನಿಜವಾಗಿ ಚೆಕ್ ಮಾಡಿದರೆ ಮೆಷಿನ್ ಗುಂಡು ಒತ್ತಿದ ಡೆಂಟಿನ ಡಯಾ ಒಂದರಲ್ಲಿ 4.2 ಮಿಲಿಮೀಟರ್, ಇನ್ನೊಂದರಲ್ಲಿ 4.25, ಮತ್ತೊಂದರಲ್ಲಿ 4.3 ಅಂತ ಆಚೀಚೆ ಆಗಲೇಬೇಕು. ಅವರು ಏನೂ ಹೇಳದೆ ಮೇಂಟೆನೆನ್ಸ್ ಲಾಗ್ ತರಿಸಿದರು. ಆ ಶಿಫ್ಟಿನಲ್ಲಿ ಗಡಸುತನ ಅಳೆಯುವ ಬ್ರಿನೆಲ್ ಮೆಷಿನ್ ಬ್ರೇಕ್‌ಡೌನ್! ಟ್ರೈನಿ ಹುಡುಗ ಟೇಬಲ್ ಮುಂದೆ ಕೂತು ರೀಡಿಂಗ್ ತುಂಬಿದ್ದ. ಮೇಜರ್ ಎನ್‌ಸಿ, ಅಂದರೆ ದೊಡ್ಡ ಲೋಪ ಅಂತ ಆಡಿಟ್ ವರದಿಯಲ್ಲಿ ಬಿತ್ತು. ಅವನ ರೆಸ್ಯೂಮೆಯಲ್ಲಿ ಸಿನ್ಸಿಯರ್, ಹಾರ್ಡ್‌ವರ್ಕಿಂಗ್ ಅಂತ ಎರಡೂ ಇದ್ದವು. ತೆಗೆದುಕೊಂಡಿದ್ದು ನಾವೇ.

ಆಮೇಲೆ ನಮ್ಮ ಕ್ಯೂಎ ಮ್ಯಾನೇಜರ್ ತಾವೇ ಇಂಟರ್‌ವ್ಯೂಗೆ ಕೂರುತ್ತೇನೆ ಅಂದರು. ಭದ್ರಾವತಿಯವರು, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಬೆಳೆದವರು. ವರ್ನಿಯರ್ ಹಿಡಿಯೋದು ವಾರದಲ್ಲಿ ಕಲಿಸಬಹುದು, ಇಲ್ಲದ ರೀಡಿಂಗ್ ಬರೆಯದೇ ಇರೋದನ್ನ ಹೆಂಗ್ರೀ ಕಲಿಸೋದು ಅನ್ನುವುದು ಅವರ ತಕರಾರು.

ಮೊದಲು ಬಂದವನು ತೀರ್ಥಹಳ್ಳಿ ಕಡೆಯ ಹುಡುಗ. ಮಾರ್ಕ್ಸ್ ಚೆನ್ನಾಗಿದ್ದವು. ಹಾಬಿ ಕಾಲಂನಲ್ಲಿ ಯಕ್ಷಗಾನ ಅಂತ ಇತ್ತು. ನನಗೆ ಖುಷಿಯಾಯಿತು, ಕ್ರಿಕೆಟ್ ಅಲ್ಲವಲ್ಲ ಅಂತ.

'ಯಕ್ಷಗಾನ ಅಂದ್ರೆ ಯಾವುದಪ್ಪಾ, ಬಡಗೋ ತೆಂಕೋ?' ಮ್ಯಾನೇಜರ್ ನಗುತ್ತಲೇ ಕೇಳಿದರು.

'ಬಡಗು ಸರ್.'

'ವೇಷ ಹಾಕ್ತೀಯಾ?'

'ಇಲ್ಲ ಸರ್, ನೋಡೋದು.'

'ಹೌದಾ. ಕೊನೇ ಸಲ ನೋಡಿದ ಪ್ರಸಂಗ ಯಾವುದು?'

ಹುಡುಗ ಸುಮ್ಮನಾದ. ಸೀಲಿಂಗ್ ನೋಡಿದ, ನನ್ನ ಮುಖ ನೋಡಿದ. ಫೆಟ್ಲಿಂಗ್ ಶಾಪಿನ ಗ್ರೈಂಡರ್ ಸದ್ದು ಅಷ್ಟು ಜೋರಾಗಿ ಒಳಗೆ ಕೇಳುತ್ತದೆ ಅಂತ ನನಗೆ ಗೊತ್ತಾಗಿದ್ದೇ ಆಗ. 'ಚಿಕ್ಕವನಿದ್ದಾಗ ಸರ್...' ಅಂದವನು ಮಾತು ಮುಗಿಸಲಿಲ್ಲ. ಅಲ್ಲಿಂದಾಚೆ ಅವನಿಗೆ ಗೊತ್ತಿದ್ದ ಪ್ರಶ್ನೆಗಳಿಗೂ ಉತ್ತರ ತಡವರಿಸಿತು. ಸ್ಯಾಂಡ್ ಮಾಯಿಶ್ಚರ್ ಜಾಸ್ತಿಯಾದರೆ ಬ್ಲೋಹೋಲ್ ಬರುತ್ತದೆ ಅನ್ನುವುದನ್ನೂ ಅನುಮಾನದಿಂದಲೇ ಹೇಳಿದ. ಅವನು ದೊಡ್ಡ ಸುಳ್ಳೇನೂ ಹೇಳಿರಲಿಲ್ಲ. ಸೀನಿಯರ್ ಒಬ್ಬನ ಫೈಲಿನಲ್ಲಿದ್ದ ಸಾಲು, ಚೆನ್ನಾಗಿ ಕಾಣುತ್ತದೆ ಅಂತ ಬಿಟ್ಟುಕೊಂಡಿದ್ದ. ಆದರೆ ಹಾಬಿ ಅನ್ನುವುದು ಅಭ್ಯರ್ಥಿ ತಾನೇ ಆರಿಸಿಕೊಂಡ ವಿಷಯ. ಅದರಲ್ಲೇ ಸಿಕ್ಕಿಬಿದ್ದರೆ ಉಳಿದದ್ದರ ಮೇಲೂ ನಂಬಿಕೆ ಹೋಗುತ್ತದೆ. ಎದುರು ಕೂತವರಿಗೂ ಹೋಗುತ್ತದೆ, ಅವನಿಗೆ ತನ್ನ ಮೇಲೂ ಹೋಗುತ್ತದೆ.

ಎರಡನೆಯವನದು ಪ್ರಶಸ್ತಿಗಳ ಕೇಸು. ಎರಡನೇ ಪುಟ ತುಂಬಾ ಸರ್ಟಿಫಿಕೇಟ್. ಅರ್ಧಕ್ಕರ್ಧ ಆನ್‌ಲೈನ್ ಕ್ವಿಜ್, ವೆಬಿನಾರ್‌ಗಳಲ್ಲಿ ಭಾಗವಹಿಸಿದ್ದಕ್ಕೆ ಸಿಕ್ಕವು. ಒಂದು ಜಾತಿ ಸಂಘದ ಪ್ರತಿಭಾ ಪುರಸ್ಕಾರ. ಬೆಸ್ಟ್ ಸ್ಟೂಡೆಂಟ್ ಅವಾರ್ಡ್ ಅಂತ ಒಂದು, ಯಾರು ಕೊಟ್ಟರು, ಯಾವುದಕ್ಕೆ ಕೊಟ್ಟರು ಅಂತಿಲ್ಲ. ಇದೆಲ್ಲದರ ಮಧ್ಯೆ ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಅಂತ ಸಣ್ಣದಾಗಿ ಬರೆದಿದ್ದ! ಅದಕ್ಕೆ ಪರೇಡ್ ಹಾಜರಿ ಬೇಕು, ಕ್ಯಾಂಪ್ ಬೇಕು, ಮೊದಲು 'ಬಿ' ಪಾಸಾಗಿರಬೇಕು, ಆಮೇಲೆ ಪರೀಕ್ಷೆ. ಇದು ನಮ್ಮ ಕಣ್ಣಿಗೆ ಬಿದ್ದಿದ್ದು ಅವನು ಎದ್ದು ಹೊರಟ ಮೇಲೆ. ಪ್ರಶಸ್ತಿ ಬರೆಯುವುದಾದರೆ ಯಾರು ಕೊಟ್ಟರು, ಯಾವ ವರ್ಷ, ಯಾವುದಕ್ಕೆ, ಎಷ್ಟು ಜನರಲ್ಲಿ ಅನ್ನುವುದು ಸಾಲಿನಲ್ಲೇ ಇರಬೇಕು. ಇವಕ್ಕೆ ಉತ್ತರ ಇಲ್ಲದಿದ್ದರೆ ಅದು ಜಾಗ ತಿನ್ನುತ್ತದೆ ಅಷ್ಟೇ, ಒಳ್ಳೆಯದನ್ನೂ ಮುಚ್ಚುತ್ತದೆ. ಸಂಘದ ಪುರಸ್ಕಾರವನ್ನಂತೂ ಬರೆಯಬೇಡಿ ಅಂತ ನೇರವಾಗಿ ಹೇಳುತ್ತೇನೆ. ಅದು ಕೊಟ್ಟಿದ್ದು ಎಸ್ಸೆಸ್ಸೆಲ್ಸಿ ಅಂಕಕ್ಕೆ. ಅಂಕ ಮೇಲೇ ಇದೆ. ಉಳಿದದ್ದು ಜಾತಿ, ಅದು ನಮಗೆ ಗೊತ್ತಾಗುವ ಅಗತ್ಯ ಇಲ್ಲ.

ಮೂರನೆಯವಳು ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಕಡೆಯವಳು. ಹಾಬೀಸ್: ರೇನ್ ರೆಕಾರ್ಡಿಂಗ್. ಇಷ್ಟೇ. ನಾನು ಶಾರ್ಟ್‌ಲಿಸ್ಟ್ ಮಾಡುವಾಗ ಮಳೆ ಸದ್ದನ್ನ ಫೋನಿನಲ್ಲಿ ರೆಕಾರ್ಡ್ ಮಾಡುವ ಹುಚ್ಚು ಇರಬೇಕು ಅಂದುಕೊಂಡು ಅವಳನ್ನ ವೇಟಿಂಗ್ ಪಟ್ಟಿಗೆ ಹಾಕಿದ್ದೆ. ಅವತ್ತು ಒಬ್ಬರು ಬರಲಿಲ್ಲ ಅಂತ ಒಳಗೆ ಕರೆದೆವು.

'ಇದೇನಮ್ಮ ಇದು?' ಅಂತ ಮ್ಯಾನೇಜರ್ ಕೇಳಿದರು.

ಅವಳ ಅಜ್ಜ ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದರಂತೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಮಳೆ ಬಿಡುವ ಹೊಳವು ನೋಡಬೇಕಲ್ಲ, ಅದಕ್ಕೆ ಶುರುವಾದ ಅಭ್ಯಾಸ. ಅಜ್ಜನ ಕಣ್ಣು ಮಂಜಾದ ಮೇಲೆ ನೋಟ್‌ಬುಕ್ ಇವಳ ಕೈಗೆ ಬಂತು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯುವುದು, ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಹಿಂದಿನ 24 ಗಂಟೆಯ ಮಳೆ ಅದು.

ಮ್ಯಾನೇಜರ್ ಅಷ್ಟಕ್ಕೇ ಬಿಡಲಿಲ್ಲ. 'ನಿಮ್ಮ ಕಡೆ ಹೊಡೆಯೋ ಮಳೆಗೆ ಬಾಟ್ಲಿ ತುಂಬಿ ಚೆಲ್ಲಲ್ವಾ?'

'ಚೆಲ್ಲತ್ತೆ ಸರ್. ನಮ್ಮ ಫನೆಲ್ 200 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆಗೆ 20 ಎಂಎಲ್ ನೀರು. ನಾಲ್ಕು ಲೀಟರ್ ಬಾಟ್ಲಿ 200 ಮಿಲಿಮೀಟರಿಗೆ ತುಂಬತ್ತೆ. ಆಷಾಢದ ಮಳೇಲಿ ರಾತ್ರಿನೂ ಒಂದ್ಸಲ ಅಳೆದು ಖಾಲಿ ಮಾಡಿಡ್ತೀವಿ. ಬೆಳಿಗ್ಗೆದು ಅದಕ್ಕೆ ಕೂಡಿಸೋದು.'

ಆಗ ಅವರು ಪೆನ್ ಕೆಳಗಿಟ್ಟರು. 'ಕಾಲೇಜಿಗೆ ಶಿವಮೊಗ್ಗದಲ್ಲಿ ಹಾಸ್ಟೆಲ್ ಅಲ್ವಾ? ಆವಾಗ?'

'ಅಮ್ಮ ಅಳೀತಾರೆ. ಯಾರು ಅಳೆದಿದ್ದು ಅಂತ ಪಕ್ಕದಲ್ಲಿ ಇನಿಶಿಯಲ್ ಇರತ್ತೆ.'

'ಇಬ್ರೂ ಇಲ್ಲದ ದಿನ?'

'ಮಾರನೇ ದಿನ ಎರಡೂ ದಿನದ್ದು ಸೇರಿಸಿ ಬರೆದು ಬ್ರಾಕೆಟ್ ಹಾಕ್ತೀವಿ.'

'ಅರ್ಧರ್ಧ ಮಾಡಿ ಎರಡು ದಿನಕ್ಕೂ ಹಾಕಿದ್ರೆ ನೀಟಾಗಿರತ್ತಲ್ವಾ?'

ಹುಡುಗಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು ಅಂತ ಕಾಣುತ್ತದೆ. 'ಯಾವ ದಿನ ಎಷ್ಟು ಬಿತ್ತು ಅಂತ ನಮಗೆ ಗೊತ್ತಿಲ್ವಲ್ಲ ಸರ್,' ಅಂದಳು.

ನಮ್ಮ ಆಡಿಟ್ ಕತೆ ಅವಳಿಗೇನೂ ಗೊತ್ತಿರಲಿಲ್ಲ. ಮ್ಯಾನೇಜರ್ ನನ್ನ ಕಡೆ ತಿರುಗಿ ನೋಡಿದ ರೀತಿಗೆ ನಾನು ನೀರು ಕುಡಿಯುವ ನೆಪ ಮಾಡಿದೆ. ವೇಟಿಂಗ್ ಪಟ್ಟಿ ಮಾಡಿದವಳು ನಾನೇ ತಾನೇ.

ಹಾಬಿಯಿಂದಲೇ ಕೆಲಸ ಸಿಕ್ಕಿತು ಅಂದುಕೊಳ್ಳಬೇಡಿ. ಎಲ್ಲರಿಗೂ ಕೊಡುವ ಟೆಸ್ಟ್ ಅವಳಿಗೂ ಕೊಟ್ಟೆವು. 0.02ರ ವರ್ನಿಯರ್ ಸರಿಯಾಗಿ ಓದಿದಳು. ಡ್ರಾಯಿಂಗಿನಲ್ಲಿ ಪೊಸಿಷನ್ ಟಾಲರೆನ್ಸ್ ಕೇಳಿದ್ದಕ್ಕೆ ತಪ್ಪು ಹೇಳಿದಳು. ಆ ಒಂದು ಸಾಲಿನಿಂದ ಅವಳಿಗೆ ಸಿಕ್ಕಿದ್ದು ಮ್ಯಾನೇಜರ್ ಪೆನ್ ಕೆಳಗಿಟ್ಟು ಕೇಳಿದ ಐದು ನಿಮಿಷ. ಆ ಸಾಲನ್ನೂ ಅವಳು ಸರಿಯಾಗಿ ಬರೆದಿರಲಿಲ್ಲ. ಆಫರ್ ಲೆಟರ್ ಕೊಟ್ಟ ದಿನ ಕೂರಿಸಿಕೊಂಡು ಹೇಳಿದೆ, ಮುಂದೆ ಎಲ್ಲಾದರೂ ಅಪ್ಲೈ ಮಾಡುವುದಿದ್ದರೆ ಹೀಗೆ ಬರಿ: 'ಮನೆಯ ಮಳೆಮಾಪಕದಲ್ಲಿ ದಿನಾ ಬೆಳಿಗ್ಗೆ 8.30ಕ್ಕೆ ಮಳೆ ಅಳತೆ, ಇಂಥ ವರ್ಷದಿಂದ. ಅಳೆದವರ ಇನಿಶಿಯಲ್ ಮತ್ತು ತಪ್ಪಿದ ದಿನಗಳ ಗುರುತು ಇರುವ ದಾಖಲೆ.' ಏನು ಮಾಡುತ್ತೀರಿ, ಯಾವಾಗಿನಿಂದ, ಹೇಗೆ ಅನ್ನುವುದು ಬಂದರೆ ಸಾಕು. ಶಿಸ್ತು, ಪ್ರಾಮಾಣಿಕತೆ ಅಂತ ನೀವೇ ಬರೆಯುವುದು ಬೇಡ, ಓದುವವರಿಗೆ ಬಿಡಿ.

ಇದು ಫ್ರೆಶರ್‌ಗಳ ಮಾತು. ಐದಾರು ವರ್ಷ ಶಾಪ್ ಫ್ಲೋರಿನಲ್ಲಿ ಇದ್ದವರ ರೆಸ್ಯೂಮೆಯಲ್ಲಿ ನಾವು ನೋಡುವುದು ರಿಜೆಕ್ಷನ್ ಎಷ್ಟು ಇಳಿಸಿದರು ಅನ್ನುವುದನ್ನ. ಅಲ್ಲಿ ಹಾಬಿ ಬೇಕಾಗಿಲ್ಲ. ಹೈಸ್ಕೂಲಿನ ಪ್ರತಿಭಾ ಕಾರಂಜಿ ಬಹುಮಾನವೂ ಅಷ್ಟೇ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋಗುವುದು ಸಣ್ಣ ಮಾತಲ್ಲ ನಿಜ, ಆದರೆ ಆಮೇಲೆ ಅದನ್ನ ಬಿಟ್ಟಿದ್ದರೆ ಇಂಜಿನಿಯರಿಂಗ್ ಮುಗಿಸಿದವರ ಪುಟದಲ್ಲಿ ಅದಕ್ಕೆ ಕೆಲಸವಿಲ್ಲ.

ಇಷ್ಟೆಲ್ಲ ಆದ ಮೇಲೆ ನಮ್ಮ ಮ್ಯಾನೇಜ್‌ಮೆಂಟ್ ಏನು ಮಾಡಿತು ಗೊತ್ತಾ? ಹೊಸ ಎಚ್‌ಆರ್ ಸಾಫ್ಟ್‌ವೇರ್ ತಂದರು. ಅದರಲ್ಲಿ ಹಾಬಿ ಕಡ್ಡಾಯ, ಅದೂ ಡ್ರಾಪ್‌ಡೌನ್: ರೀಡಿಂಗ್, ಮ್ಯೂಸಿಕ್, ಸ್ಪೋರ್ಟ್ಸ್, ಟ್ರಾವೆಲ್, ಅದರ್ಸ್. ಜೆರಾಕ್ಸ್ ಅಂಗಡಿಯವನ ಫೈಲನ್ನೇ ದುಡ್ಡು ಕೊಟ್ಟು ತಂದ ಹಾಗಾಯಿತು. ಮೇಲ್ ಹಾಕಿದ್ದೇನೆ. ನೋಟೆಡ್ ಅಂತ ಉತ್ತರ ಬಂದಿದೆ.

ಯಕ್ಷಗಾನದ ಹುಡುಗನಿಗೆ ಸೆಲೆಕ್ಟ್ ಆಗಿಲ್ಲ ಅಂತ ಹೇಳಲು ನಾನೇ ಫೋನ್ ಮಾಡಿದೆ. ಮಾತಿಗೆ ಮಾತು ಬಂದು, ರಜೆಯಲ್ಲಿ ಏನಪ್ಪಾ ಮಾಡ್ತೀಯ ಅಂದೆ. ಸುಗ್ಗಿಯಲ್ಲಿ ಮನೆಗೆ ಅಡಿಕೆ ಸುಲಿಯಲು ಬರುವವರ ಲೆಕ್ಕ ಪೂರ್ತಿ ಇವನದಂತೆ. ಯಾರು ಎಷ್ಟು ಡಬ್ಬ ಸುಲಿದರು ಅಂತ ದಿನಾ ಬರೆದು, ಅವರ ಎದುರೇ ಓದಿ ಹೇಳಿ, ವಾರಕ್ಕೊಮ್ಮೆ ಬಟವಾಡೆ. ಒಂದು ಸಲ ಲೆಕ್ಕದಲ್ಲಿ ಜಗಳ ಬಂದ ಮೇಲೆ, ಸುಲಿಯುವವರ ಕೈಗೂ ಒಂದೊಂದು ಚೀಟಿ ಕೊಡುವುದನ್ನ ಶುರು ಮಾಡಿದ್ದು ಇವನೇ.

'ಇದನ್ನ ಯಾಕೋ ಬರೀಲಿಲ್ಲ?' ಬಾಯಿ ತಪ್ಪಿ ಏಕವಚನವೇ ಬಂತು.

'ಅದು ಮನೆ ಕೆಲಸ ಅಲ್ವಾ ಮೇಡಂ. ಹಾಬಿ ಅಂತ ಹೆಂಗೆ ಬರೆಯೋದು?'

ಹಾಬೀಸ್ ಅನ್ನುವ ಹೆಡಿಂಗನ್ನೇ ತೆಗಿ, ಅದರ್ ಆಕ್ಟಿವಿಟೀಸ್ ಅಂತ ಹಾಕು, ಚೀಟಿ ವಿಷಯ ಮೊದಲು ಬರಿ ಅಂದೆ. ಸ್ಟೋರ್ಸ್ ಅಸಿಸ್ಟೆಂಟ್ ಪೋಸ್ಟ್ ಒಂದು ಖಾಲಿ ಇತ್ತು, ಅಲ್ಲಿಗೆ ಅವನ ಹೆಸರು ಕೊಟ್ಟೆ. ಅದು ಆಗಲೇ ಯಾರದೋ ಶಿಫಾರಸಿನ ಮೇಲೆ ತುಂಬಿತ್ತು. ತಿದ್ದಿದ ರೆಸ್ಯೂಮೆ ಈಗ ಬೇರೆ ಎರಡು ಕಂಪನಿಗೆ ಹೋಗಿದೆ. ಯಕ್ಷಗಾನ ಅದರಲ್ಲಿಲ್ಲ.