ಯಾರಾಕಿ, ಫೋನ್ ಎತ್ತಿದ್ದು?

"ನಿನ್ ಫೋನ್ ಯಾರೋ ಹೆಂಗಸು ಎತ್ತಿದ್ಲಲ್ಲಪ್ಪ, ಯಾರಾಕಿ?"

ಮೊನ್ನೆ ರಾತ್ರಿ ಅಮೆರಿಕದಿಂದ ದೊಡ್ಡಮ್ಮ ಕೇಳಿದ ಮೊದಲ ಮಾತೇ ಇದು. ಸ್ಪೀಕರ್ ಆನ್ ಇತ್ತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. "ಇಂಗ್ಲಿಷ್ ಮಾತಾಡ್ತಾಳೆ, ಎರಡು ಸಲ ಮಾಡಿದೆ, ಎರಡು ಸಲಾನೂ ಅವಳೇ."

ದೊಡ್ಡಮ್ಮ ಸೊಸೆಯ ಬಾಣಂತನಕ್ಕೆ ದಾವಣಗೆರೆಯಿಂದ ಹೋಗಿದ್ದಾರೆ. ಮಗ ಅಲ್ಲಿನ ಸಿಮ್ ಹಾಕಿಕೊಟ್ಟಿದ್ದಾನೆ. ನನ್ನ ನಂಬರ್ ಅವರ ಫೋನಿನಲ್ಲಿ ಬರೀ ಹತ್ತು ಅಂಕಿ, ಶುರುವಾಗೋದು 9844ರಿಂದ. ಅಮೆರಿಕದಲ್ಲೂ ನಂಬರ್‌ಗೆ ಹತ್ತೇ ಅಂಕಿ, ಮೊದಲ ಮೂರು ಏರಿಯಾ ಕೋಡ್. 984 ಅಂದ್ರೆ ನಾರ್ತ್ ಕ್ಯಾರೊಲಿನಾದ ರಾಲಿ ಊರಿನ ಕಡೆಯದು. ಪಾಪ, ಅಲ್ಲಿನ ಯಾವುದೋ ಹೆಂಗಸಿಗೆ ನಮ್ಮ ದೊಡ್ಡಮ್ಮ ಅಷ್ಟು ಹೊತ್ತಿನಲ್ಲಿ ಏನೇನು ಹೇಳಿದರೋ! ಅಂಥ ಏರಿಯಾ ಕೋಡೇ ಇಲ್ಲದಿದ್ದರೆ ರೆಕಾರ್ಡಿಂಗ್ ದನಿ ಬರುತ್ತಿತ್ತು, ಆಗ ಬೇಗ ಗೊತ್ತಾಗುತ್ತಿತ್ತು.

ಮಗರಾಯ ಸಾಫ್ಟ್‌ವೇರ್ ಎಂಜಿನಿಯರ್. ಅವನ ಇನ್ನೊಂದು ಘನಕಾರ್ಯ, ವಾಟ್ಸಾಪನ್ನೂ ಹೊಸ ಅಮೆರಿಕ ನಂಬರ್‌ಗೆ ಬದಲಿಸಿಬಿಟ್ಟಿದ್ದು. ಊರಿನ ನಂಬರ್‌ನಲ್ಲೇ ಬಿಟ್ಟಿದ್ದರೆ ಸಿಮ್ ಯಾವುದಿದ್ದರೂ ಹೆಸರುಗಳು ಹಾಗೇ ಇರುತ್ತಿದ್ದವು. ದೇಶದ ಕೋಡ್ ಇಲ್ಲದ ನಂಬರನ್ನು ವಾಟ್ಸಾಪ್ ನಮ್ಮ ಖಾತೆ ಯಾವ ದೇಶದ್ದೋ ಆ ದೇಶದ್ದೇ ಅಂದುಕೊಳ್ಳುತ್ತೆ. ಬದಲಿಸಿದ ಮೇಲೆ ದೊಡ್ಡಮ್ಮನ ಚಾಟ್‌ಗಳಲ್ಲಿ ತಂಗಿ ಇಲ್ಲ, ಅಳಿಯ ಇಲ್ಲ, ಬರೀ +91 ಅಂತ ಶುರುವಾಗೋ ಅಂಕಿಗಳ ಸಾಲು.

ಅವತ್ತೇ ಫೋನಿನಲ್ಲಿ ಒಂದು ನಂಬರ್ ಸರಿ ಮಾಡಿಸಿದೆ. ಕಾಂಟ್ಯಾಕ್ಟ್ ತೆಗೆದು ಎಡಿಟ್ ಒತ್ತಿ, ಮೊದಲ ಅಂಕಿಯ ಎಡಕ್ಕೆ ಬೆರಳಿಡಿ, ಸೊನ್ನೆಯನ್ನು ಒತ್ತಿ ಹಿಡಿದರೆ ಪ್ಲಸ್ ಬರುತ್ತೆ, ಆಮೇಲೆ 91, ಸೇವ್. ನಂಬರಿನ ಮುಂದೆ ಹಳೇ ಸೊನ್ನೆ ಇದ್ದರೆ ಅಳಿಸಬೇಕು. ನಮ್ಮ ಮನೆಯ ಲ್ಯಾಂಡ್‌ಲೈನ್ 08192 ಅಂತ ಇತ್ತಲ್ಲ, ಅದು ಹೀಗಾಗಬೇಕು:

```
+91 8192 ......
```

ಹೊರದೇಶಕ್ಕೆ ಹೋಗುವ ಕೋಡ್ ಇಂಡಿಯಾದಲ್ಲಿ 00, ಅಮೆರಿಕದಲ್ಲಿ 011. ಪ್ಲಸ್ ಇದ್ದರೆ ಅದನ್ನೆಲ್ಲ ನಾವು ನೆನಪಿಡಬೇಕಿಲ್ಲ, ಎಲ್ಲಿದ್ದೇವೋ ಅಲ್ಲಿಗೆ ಸರಿಯಾದದ್ದನ್ನು ನೆಟ್‌ವರ್ಕ್ ನೋಡಿಕೊಳ್ಳುತ್ತೆ.

"ಪ್ಲಸ್ ಹಾಕಿದ್ರೆ ಊರಿಗೆ ಬಂದ್ಮೇಲೂ ಫಾರಿನ್ ಕಾಲ್ ಅಂತ ದುಡ್ಡು ಕಟ್ ಮಾಡಲ್ವಾ?" ಅಂದರು. ಒಳ್ಳೆ ಪ್ರಶ್ನೆ, ಮಗ ಇದನ್ನು ಕೇಳಿರಲಿಕ್ಕಿಲ್ಲ. ಇಲ್ಲ, ಇಂಡಿಯಾದೊಳಗೆ +91 ಹಾಕಿ ಮಾಡಿದರೂ ಅದು ಲೋಕಲ್ ಕಾಲೇ.

ಇಂಥವರನ್ನು ವಿಮಾನ ಹತ್ತಿಸುವಾಗ ನಾವು ಚಟ್ನಿಪುಡಿಯನ್ನು ಮೂರು ಕವರ್‌ನಲ್ಲಿ ಸುತ್ತುತ್ತೇವೆ, ಸೂಟ್‌ಕೇಸ್‌ಗೆ ಕೆಂಪು ರಿಬ್ಬನ್ ಕಟ್ಟುತ್ತೇವೆ. ದಿನಕ್ಕೆ ಹತ್ತು ಸಲ ಮುಟ್ಟುವ ಫೋನನ್ನು ಮಾತ್ರ ಯಾರೂ ತೆರೆದು ನೋಡಲ್ಲ. ಅಲ್ಲಿ ಹೋದಮೇಲೆ ಮಗ ನೋಡ್ಕೊಳ್ತಾನೆ ಅಂತ. ಮಗ ಆಫೀಸಿಗೆ ಹೋದ ಮೇಲೆ ಆ ಮನೆಯಲ್ಲಿ ದೊಡ್ಡಮ್ಮನಿಗೆ ಊರಿನವರ ಜೊತೆ ಮಾತಾಡಲು ಇದ್ದದ್ದು ಆ ಫೋನ್ ಒಂದೇ, ಅದರಲ್ಲಿ ಅವರ ಹೆಸರೆಲ್ಲ ಮಾಯ.

ಬ್ಯಾಂಕಿನ 1800 ನಂಬರೂ ಸೇವ್ ಆಗಿತ್ತು. ಅಂಥ ಟೋಲ್ ಫ್ರೀ ನಂಬರ್‌ಗೆ ಪ್ಲಸ್ ಹಾಕಿದರೂ ಹೊರಗಿನಿಂದ ಸಾಮಾನ್ಯವಾಗಿ ಹೋಗಲ್ಲ, ಬ್ಯಾಂಕಿನ ಮಾಮೂಲಿ ನಂಬರ್ ಬೇಕು. ಅದನ್ನು ಪಾಸ್‌ಬುಕ್ ನೋಡಿ ಕಳಿಸುತ್ತೇನೆ ಅಂದಿದ್ದೇನೆ. ಪಾಸ್‌ಬುಕ್ ಬೀರುವಿನಲ್ಲಿದೆಯಂತೆ, ಬೀರುವಿನ ಬೀಗದಕೈ ಅಮೆರಿಕದಲ್ಲಿದೆಯಂತೆ.