ಬೆರಳ ತುದಿಯ 158

ಹಾಸನದ ನಮ್ಮ ಶಾಲೆಯಲ್ಲಿ ಮೊನ್ನೆ ಶಿಕ್ಷಕರಿಗೆ ಆರೋಗ್ಯ ಶಿಬಿರ ಇತ್ತು. ಗಣಿತದ ಮೇಡಂ ರಾತ್ರಿ ಊಟದ ಮೇಲೆ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಬೆಳಗಿನ ಕಾಫಿಯೂ ಇಲ್ಲ, ನಮ್ಮೂರಲ್ಲಿ ಅದೇನು ಸಣ್ಣ ವ್ರತ ಅಲ್ಲ. ಬೆರಳಿಗೆ ಚುಚ್ಚಿ ರಕ್ತದ ಸಕ್ಕರೆ ನೋಡಿದರೆ 158.

"ಮೇಡಂ, ಈಗ ಏನಾದ್ರೂ ಹಣ್ಣು ಮುಟ್ಟಿದ್ರಾ?" ಅಂತ ಕೇಳಿದರು ನರ್ಸ್. ಹೌದು, ಎಲ್ಲರಿಗೂ ಅಂತ ಪಪ್ಪಾಯಿ ಹೆಚ್ಚಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಿದ್ದರು. ಬೆರಳಿಗೆ ಅಂಟಿದ ಹಣ್ಣಿನ ರಸವೂ ಆ ಒಂದು ಹನಿ ರಕ್ತಕ್ಕೆ ಸೇರಿ ಲೆಕ್ಕ ಏರಿಸುತ್ತದೆ. ಸೋಪು ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ, ಬೇರೆ ಬೆರಳಿಗೆ ಚುಚ್ಚಿದರು. 137.

"ನೋಡಿ, ಇಳೀತಲ್ಲ!" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಖುಷಿ. ಆದರೆ ಖಾಲಿ ಹೊಟ್ಟೆಯಲ್ಲಿ 100ರ ಒಳಗಿರಬೇಕು. 126 ಮುಟ್ಟಿದರೆ ಸಕ್ಕರೆ ಕಾಯಿಲೆಯ ಸಾಲು. ಹಾಗಂತ ಶಿಬಿರದ ಮೀಟರ್ ನೋಡಿ ಕಾಯಿಲೆ ಅಂತ ತೀರ್ಮಾನ ಮಾಡುವ ಹಾಗೂ ಇಲ್ಲ. ಲ್ಯಾಬಿನಲ್ಲಿ ತೋಳಿನ ರಕ್ತ ಕೊಡಬೇಕು.

ಮೇಡಂ ಕೊಟ್ಟರು. ಫಾಸ್ಟಿಂಗ್ 133. ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.9, ಅದರ ಗೆರೆ 6.5. ಎರಡೂ ಗೆರೆ ದಾಟಿದ್ದರಿಂದ ಇನ್ನೊಂದು ಸಲ ನೋಡುವುದು ಬೇಡ, ಸಕ್ಕರೆ ಕಾಯಿಲೆಯೇ ಅಂದರು ಡಾಕ್ಟರ್. ಜೊತೆಗೆ ಕಣ್ಣಿನ ಒಳಪರದೆ, ಮೂತ್ರದ ಪರೀಕ್ಷೆಗೂ ಬರೆದುಕೊಟ್ಟರು. ಈ ಕಾಯಿಲೆ ಗೊತ್ತಾಗುವ ಹೊತ್ತಿಗೆ ಕೆಲವು ವರ್ಷ ಸುಮ್ನೆ ಒಳಗೇ ಇದ್ದಿರಬಹುದಂತೆ.

ಮೇಡಂಗೆ ಸುಸ್ತಿಲ್ಲ, ಬಾಯಾರಿಕೆ ಇಲ್ಲ. ಶಿಬಿರಕ್ಕೆ ಬಂದಿದ್ದೂ ಹಾಜರಿ ಕಡ್ಡಾಯ ಅಂತ, ಅಷ್ಟೇ.